ವರದಿಯಲ್ಲಿ 103, ಸರ್ವೆಯಲ್ಲಿ 70: ಮಕ್ಕಳ ಲಸಿಕೆಯ ಯಾವ ಲೆಕ್ಕ ನಂಬಬೇಕು?

ಪ್ರಶ್ನೆ: ನಾನು ಯಾದಗಿರಿ ಜಿಲ್ಲೆ ಶಹಾಪುರ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿ ಸದಸ್ಯೆ. ನಮ್ಮ ಆರೋಗ್ಯ ಕೇಂದ್ರದ 2023–24ರ ವರದಿಯಲ್ಲಿ ಸಂಪೂರ್ಣ ಲಸಿಕೆ ಆದ ಮಕ್ಕಳು ಶೇ. 103, ಡ್ರಾಪ್‌ಔಟ್ ಬರೀ ಶೇ. 4 ಅಂತ ಇದೆ. ಈ ಜನವರಿಯಲ್ಲಿ ಮೆಡಿಕಲ್ ಕಾಲೇಜಿನ ಹುಡುಗರು ತಾಲ್ಲೂಕಿನಲ್ಲಿ ಸರ್ವೆ ಮಾಡಿ ಶೇ. 70 ಅಂದರು. ನನ್ನ ಅಕ್ಕನ ಮಗನಿಗೆ ಎಲ್ಲ ಸೂಜಿ ಆಗಿದೆ, ಆದರೂ ಅವನನ್ನು 'ಅಪೂರ್ಣ' ಅಂತ ಬರೆದುಕೊಂಡು ಹೋದರು. ಯಾರು ಸುಳ್ಳು ಹೇಳ್ತಿದ್ದಾರೆ? ವರದಿ, ಸರ್ವೆಯ ಹಾಳೆ, ಅವನ ತಾಯಿ ಕಾರ್ಡಿನ ಫೋಟೋ ಎಲ್ಲ ಕಳಿಸಿದ್ದೇನೆ.

ಉತ್ತರ: ಯಾರೂ ಸುಳ್ಳು ಹೇಳುತ್ತಿಲ್ಲ ಅಂತಲೇ ನನಗೆ ಅನ್ನಿಸುತ್ತದೆ. ಇಬ್ಬರೂ ಎಣಿಸಿದ್ದು ಬೇರೆ ಬೇರೆ ಮಕ್ಕಳನ್ನು, ಬೇರೆ ಬೇರೆ ನಿಯಮದಲ್ಲಿ. ಮೊದಲು ನಿಮ್ಮ ಅಕ್ಕನ ಮಗನ ಕಾರ್ಡಿನಿಂದಲೇ ಶುರು ಮಾಡೋಣ. ಆ ಒಂದು ಕಾರ್ಡ್ ಅರ್ಥವಾದರೆ ಮುಂದಿನದು ಸುಲಭ.

ಮಗು ಹುಟ್ಟಿದ್ದು 2023ರ ಮಾರ್ಚ್ 8. ಮರುದಿನವೇ ಕ್ಷಯಕ್ಕೆ ಹಾಕುವ ಬಿಸಿಜಿ, ಹುಟ್ಟಿದಾಗಿನ ಪೋಲಿಯೋ ಹನಿ ಮತ್ತು ಹೆಪಟೈಟಿಸ್ ಬಿ ಆಗಿವೆ. ಪೆಂಟಾ ಮೊದಲ ಡೋಸ್ ಏಪ್ರಿಲ್ 27ಕ್ಕೆ, ಎರಡನೆಯದು ಮೇ 18ಕ್ಕೆ, ಮೂರನೆಯದು ಜುಲೈ 27ಕ್ಕೆ. ಅದೇ ದಿನಗಳಲ್ಲಿ ಪೋಲಿಯೋ ಹನಿ ಕೂಡ. ದಡಾರ-ರುಬೆಲ್ಲಾ, ಅಂದರೆ ಎಂಆರ್, ನವೆಂಬರ್ 23ಕ್ಕೆ. ಆಸ್ಪತ್ರೆಯಲ್ಲಿ ಹಾಕಿದ್ದು ಬಿಟ್ಟರೆ ಎಲ್ಲವೂ ಗುರುವಾರ, ಅಂದರೆ ಲಸಿಕೆ ದಿನದಂದೇ ಆಗಿವೆ. ತಾಯಿ ಒಂದನ್ನೂ ತಪ್ಪಿಸಿಲ್ಲ.

'ಸಂಪೂರ್ಣ ಲಸಿಕೆ' ಅನ್ನುವುದಕ್ಕೆ ದೇಶದಲ್ಲಿ ಬಹಳ ಕಾಲದಿಂದ ಬಳಸುತ್ತಿರುವ ಲೆಕ್ಕ ಎಂಟು ಡೋಸ್‌ಗಳದ್ದು. ಬಿಸಿಜಿ ಒಂದು, ಪೆಂಟಾ ಮೂರು, ಪೋಲಿಯೋ ಹನಿ ಮೂರು, ದಡಾರದ ಲಸಿಕೆ ಒಂದು. ಹುಟ್ಟಿದ ದಿನ ಹಾಕುವ ಪೋಲಿಯೋ ಹನಿ ಈ ಮೂರರಲ್ಲಿ ಸೇರುವುದಿಲ್ಲ. ಪೆಂಟಾದಲ್ಲಿ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ ಮತ್ತು ಹಿಬ್ ಅನ್ನುವ ಐದರ ಲಸಿಕೆ ಒಂದೇ ಸೂಜಿಯಲ್ಲಿರುತ್ತದೆ. ಈಗ ಕಾರ್ಡಿನಲ್ಲಿ ಇನ್ನೂ ಜಾಸ್ತಿ ಕಾಲಂಗಳಿವೆ, ಅಲ್ವಾ? ರೋಟಾ ಹನಿ, ನ್ಯುಮೋನಿಯಾಕ್ಕೆ ಪಿಸಿವಿ, ತೋಳಿಗೆ ಹಾಕುವ ಪೋಲಿಯೋ ಸೂಜಿ. ಆದರೆ ಈ ಹಳೆಯ ಎಂಟರ ಲೆಕ್ಕದಲ್ಲಿ ಅವು ಬರುವುದಿಲ್ಲ. ಪಿಸಿವಿ ಒಂದೂ ಹಾಕಿಸದ ಮಗುವೂ ಇದರಲ್ಲಿ 'ಸಂಪೂರ್ಣ'ವೇ. ಹಾಗಾಗಿ ಆ ಪದ ಕಂಡಕೂಡಲೇ ಕಾರ್ಡಿನಲ್ಲಿರುವುದೆಲ್ಲ ಮುಗಿದಿದೆ ಅಂದುಕೊಳ್ಳಬಾರದು. ಹಳೆಯ ಎಂಟನ್ನೇ ಉಳಿಸಿಕೊಂಡಿರುವುದಕ್ಕೆ ಒಂದು ಕಾರಣವೂ ಇದೆ. ಲೆಕ್ಕ ಬದಲಾಯಿಸಿದರೆ ಹಿಂದಿನ ವರ್ಷಗಳ ಜೊತೆ ಹೋಲಿಸಲು ಆಗುವುದಿಲ್ಲ.

ಈ ಎಂಟರ ಪ್ರಕಾರ ನಿಮ್ಮ ಹುಡುಗನದು ಪೂರ್ತಿ ಆಗಿದೆ. ಹಾಗಾದರೆ 'ಅಪೂರ್ಣ' ಯಾಕೆ? ಸರ್ವೆಯವರು ಡೋಸ್ ಆಗಿದೆಯಾ ಅಂತ ಮಾತ್ರ ನೋಡಲಿಲ್ಲ. ಸರಿಯಾದ ದಿನಕ್ಕೆ ಆಗಿದೆಯಾ ಅಂತಲೂ ನೋಡಿದ್ದಾರೆ. ಪೆಂಟಾ ಮೊದಲ ಡೋಸ್ ಆರು ವಾರ ತುಂಬಿದ ಮೇಲೆ ಆಗಬೇಕು. ಇವನಿಗೆ 50ನೇ ದಿನಕ್ಕೆ ಆಗಿದೆ, ಸರಿ. ಎರಡು ಡೋಸ್‌ಗಳ ನಡುವೆ ಕಡಿಮೆ ಅಂದರೂ ನಾಲ್ಕು ವಾರ, ಅಂದರೆ 28 ದಿನ ಇರಬೇಕು. ಏಪ್ರಿಲ್ 27ರಿಂದ ಮೇ 18ಕ್ಕೆ ಎಣಿಸಿ ನೋಡಿ. 21 ದಿನ ಮಾತ್ರ. ಎಂಆರ್ ಒಂಬತ್ತು ತಿಂಗಳು ತುಂಬಿದ ಮೇಲೆ ಹಾಕಬೇಕು. ಇವನಿಗೆ ಒಂಬತ್ತು ತಿಂಗಳು ತುಂಬುವುದು ಡಿಸೆಂಬರ್ 8ಕ್ಕೆ. ಸೂಜಿ ಆಗಿದ್ದು ಅದಕ್ಕೆ 15 ದಿನ ಮೊದಲು.

ಬೇಗ ಹಾಕಿದರೆ ಮಗುವಿಗೆ ತೊಂದರೆ ಏನೂ ಆಗುವುದಿಲ್ಲ, ಆದರೆ ಫಲ ಕಡಿಮೆ. ತಾಯಿಯಿಂದ ಬಂದ ರೋಗನಿರೋಧಕ ಅಂಶ ಮಗುವಿನ ರಕ್ತದಲ್ಲಿ ಕೆಲವು ತಿಂಗಳು ಇರುತ್ತದೆ. ಅದು ದಡಾರದ ಲಸಿಕೆಯನ್ನು ಕೆಲಸ ಮಾಡುವ ಮೊದಲೇ ತಟಸ್ಥ ಮಾಡಿಬಿಡಬಹುದು. ಪೆಂಟಾದಲ್ಲಿ ಎರಡು ಡೋಸ್ ತೀರಾ ಹತ್ತಿರವಾದರೆ ದೇಹ ಎರಡನೆಯದಕ್ಕೆ ಸರಿಯಾಗಿ ಸ್ಪಂದಿಸುವುದಿಲ್ಲ. ಅದಕ್ಕೇ ಇಂಥ ಡೋಸನ್ನು 'ಮಾನ್ಯವಲ್ಲ' ಅಂತ ಪಕ್ಕಕ್ಕಿಡುತ್ತಾರೆ. ಆಗಿದೆಯೋ ಇಲ್ಲವೋ ಅಂತಷ್ಟೇ ನೋಡುವುದು ಒಂದು ಬಗೆಯ ಲೆಕ್ಕ, ಮಾನ್ಯ ಡೋಸ್ ಮಾತ್ರ ಎಣಿಸುವುದು ಇನ್ನೊಂದು. ವಿಶ್ವ ಆರೋಗ್ಯ ಸಂಸ್ಥೆಯ ಸರ್ವೆ ಕೈಪಿಡಿ ಎರಡನ್ನೂ ಬೇರೆ ಬೇರೆ ತೋರಿಸಿ ಅನ್ನುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪಟ್ಟಿಯಲ್ಲಿ ನೀವು ನೋಡುವುದು ಮೊದಲ ಬಗೆಯದು.

ಇದನ್ನು ಓದಿ ಸಿಸ್ಟರ್ ಮೇಲೆ ಸಿಟ್ಟಾಗಬೇಡಿ. ಮೊದಲ ಡೋಸ್ ತವರಿನಲ್ಲಿ ಬಾಣಂತನದ ಹೊತ್ತಿಗೆ ಆಗಿ, ಎರಡನೆಯದು ಗಂಡನ ಊರಿನಲ್ಲಿ ಆಗಿದ್ದರೆ ಹೀಗೆ ದಿನ ತಪ್ಪುವುದು ಸಾಮಾನ್ಯ. ಎರಡೂ ಊರಿನ ಪಟ್ಟಿ ಬೇರೆ. ಇನ್ನು ನವೆಂಬರ್ ಕೊನೆ ಅಂದರೆ ನಿಮ್ಮ ಕಡೆ ಜನ ಗುಳೆ ಹೊರಡುವ ಹೊತ್ತು. ಮನೆಯವರು ಹೋಗಿಬಿಟ್ಟರೆ ಮಗು ಮತ್ತೆ ಸಿಗುವುದಿಲ್ಲ ಅಂತ ಹದಿನೈದು ದಿನ ಮೊದಲೇ ಹಾಕಿರಬಹುದು. ಕಾಳಜಿಯಿಂದಲೇ ಆಗುವ ತಪ್ಪು ಇದು. ಫೋಟೋದಲ್ಲಿ ಎರಡನೇ ವರ್ಷದ ಕಾಲಂ ಖಾಲಿ ಕಾಣುತ್ತಿದೆ. ಎಂಆರ್ ಎರಡನೇ ಡೋಸ್, ಡಿಪಿಟಿ ಮತ್ತು ಪೋಲಿಯೋ ಬೂಸ್ಟರ್ 16ರಿಂದ 24 ತಿಂಗಳೊಳಗೆ ಆಗಬೇಕು. ಅವನಿಗೆ ಈಗ 24 ತಿಂಗಳು ಹತ್ತಿರ ಬಂತು. ಈ ಗುರುವಾರವೇ ಕಾರ್ಡ್ ಸಮೇತ ಕರೆದುಕೊಂಡು ಹೋಗಿ. ಮೊದಲ ಎಂಆರ್ 260ನೇ ದಿನಕ್ಕೆ ಆಗಿದೆ, ಪೆಂಟಾ ಎರಡರ ಅಂತರ 21 ದಿನ ಅಂತ ವೈದ್ಯಾಧಿಕಾರಿಗೆ ತೋರಿಸಿ. ತಪ್ಪಿದ ಎಂಆರ್ ಐದು ವರ್ಷದವರೆಗೂ ಹಾಕಬಹುದು. ಎಷ್ಟು ಡೋಸ್ ಮತ್ತೆ ಬೇಕು ಅನ್ನುವುದನ್ನು ಅವರು ಕಾರ್ಡ್ ನೋಡಿ ಹೇಳುತ್ತಾರೆ.

ಈಗ 103ಕ್ಕೆ ಬರೋಣ. ನೂರು ಮಕ್ಕಳಲ್ಲಿ ನೂರಾ ಮೂರಕ್ಕೆ ಲಸಿಕೆ ಆಗಲು ಸಾಧ್ಯವೇ ಇಲ್ಲ ಅನ್ನುವುದು ನಿಮಗೂ ಗೊತ್ತು. ಇದು ಹುಟ್ಟುವುದು ಭಾಗಿಸುವ ಸಂಖ್ಯೆಯಲ್ಲಿ. ವರದಿಯ ಮೇಲ್ಗಡೆ 'ಗುರಿ 590' ಅಂತ ಇದೆ ನೋಡಿ. ಇದು ಯಾರೋ ಮನೆ ಮನೆ ಸುತ್ತಿ ಎಣಿಸಿದ ಮಕ್ಕಳ ಸಂಖ್ಯೆಯಲ್ಲ. ಸಾಮಾನ್ಯವಾಗಿ ಕೇಂದ್ರದ ಜನಸಂಖ್ಯೆಯನ್ನು ಜನನ ದರದಿಂದ ಗುಣಿಸಿ, ಅದರಲ್ಲಿ ಶಿಶು ಮರಣವನ್ನು ಕಳೆದು ಇದನ್ನು ಅಂದಾಜು ಮಾಡುತ್ತಾರೆ. ಜನಸಂಖ್ಯೆಗೆ ಆಧಾರ 2011ರ ಜನಗಣತಿ. ಅದರ ಮೇಲೆ ವರ್ಷ ವರ್ಷ ಬೆಳವಣಿಗೆ ಸೇರಿಸುತ್ತಾ ಬಂದಿದ್ದಾರೆ. ಇಷ್ಟು ವರ್ಷದಲ್ಲಿ ಒಂದು ತಾಂಡಾ ಅರ್ಧ ಖಾಲಿಯಾಗಿರಬಹುದು, ಇನ್ನೊಂದು ಊರು ಬೆಳೆದಿರಬಹುದು. ಅಂದಾಜಿಗೆ ಅದು ತಿಳಿಯುವುದಿಲ್ಲ.

ಆ ಭಾಗಾಕಾರದ ಮೇಲಿನ ಸಂಖ್ಯೆಯಾದ 608ರಲ್ಲಿ ನಿಮ್ಮ ಕೇಂದ್ರದ ಲಸಿಕೆ ಸೆಷನ್‌ನಲ್ಲಿ ಎಂಆರ್ ಹಾಕಿಸಿಕೊಂಡು ಎಂಟು ಡೋಸ್ ಮುಗಿಸಿದವರೆಲ್ಲ ಸೇರಿದ್ದಾರೆ. ಬೇರೆ ತಾಲ್ಲೂಕಿನಿಂದ ತವರಿಗೆ ಬಂದ ಮಗಳ ಕೂಸೂ ಅದರಲ್ಲಿದೆ. ನಿಮ್ಮ ಅಕ್ಕನ ಮಗನೂ ಇದ್ದಾನೆ, ದಿನ ತಪ್ಪಿದ್ದರೂ. 608ನ್ನು 590ರಿಂದ ಭಾಗಿಸಿದರೆ ಶೇ. 103. ಲೆಕ್ಕ ಸರಿಯಾಗಿಯೇ ಇದೆ. ಆದರೆ ಮೇಲಿನ ಮಕ್ಕಳೂ ಕೆಳಗಿನ ಮಕ್ಕಳೂ ಒಂದೇ ಗುಂಪಿನವರಲ್ಲ.

ಅದೇ ವರದಿಯಲ್ಲಿ ಇದಕ್ಕಿಂತ ದೊಡ್ಡ ಸುಳಿವು ಇನ್ನೊಂದಿದೆ. ಪೆಂಟಾ ಒಂದು ಪಡೆದವರು 622, ಪೆಂಟಾ ಮೂರು ಪಡೆದವರು 598, ಎಂಆರ್ ಪಡೆದವರು 612, ಸಂಪೂರ್ಣ 608. ಈ ನಾಲ್ಕನ್ನು ಸಾಲಾಗಿ ಇಟ್ಟು ನೋಡಿ. ಪೆಂಟಾ ಮೂರು ಆಗದೆ ಯಾವ ಮಗುವೂ ಸಂಪೂರ್ಣ ಆಗಲು ಸಾಧ್ಯವಿಲ್ಲ. ಹಾಗಿದ್ದರೆ 598 ಮಕ್ಕಳಿಂದ 608 ಸಂಪೂರ್ಣ ಹೇಗೆ ಬಂತು? ಒಂದೋ ಕಡಿಮೆ ಅಂದರೂ ಹತ್ತು ಮಕ್ಕಳು ಮೂರನೇ ಪೆಂಟಾ ಬೇರೆ ಕಡೆ ಹಾಕಿಸಿಕೊಂಡು ಇಲ್ಲಿಗೆ ಬಂದಿದ್ದಾರೆ. ಅಥವಾ ಅವರ ಪೆಂಟಾ ಮೂರು ಹಿಂದಿನ ಮಾರ್ಚ್ ಒಳಗೇ ಆಗಿ ಹೋಗಿದೆ. ಪೆಂಟಾ ಮೂರಕ್ಕೂ ಎಂಆರ್‌ಗೂ ಐದಾರು ತಿಂಗಳ ಅಂತರ ಇರುವುದರಿಂದ ಎಷ್ಟೋ ಮಕ್ಕಳ ಎರಡು ಸೂಜಿಗಳು ಎರಡು ಬೇರೆ ವರ್ಷದ ವರದಿಗೆ ಬೀಳುತ್ತವೆ. ಅಥವಾ ಎಣಿಕೆಯಲ್ಲೇ ತಪ್ಪಿದೆ. ಯಾವುದು ಅಂತ ವರದಿ ಹೇಳುವುದಿಲ್ಲ. ಇವು ಒಂದೇ ಗುಂಪಿನ ಮಕ್ಕಳ ಸಂಖ್ಯೆಗಳೇ ಅಂತ ಇದರಿಂದ ಹೇಳಲು ಬರುವುದಿಲ್ಲ ಅನ್ನುವುದಂತೂ ಖಚಿತ.

ಡ್ರಾಪ್‌ಔಟ್ ದರ ಅಂದರೆ ಶುರು ಮಾಡಿ ನಡುವೆ ಬಿಟ್ಟವರ ಪಾಲು. ಪೆಂಟಾ ಒಂದರಲ್ಲಿ ಪೆಂಟಾ ಮೂರನ್ನು ಕಳೆದು, ಪೆಂಟಾ ಒಂದರಿಂದಲೇ ಭಾಗಿಸಿ ನೂರರಿಂದ ಗುಣಿಸಬೇಕು. 622ರಲ್ಲಿ 598 ಕಳೆದರೆ 24. ಅದನ್ನು 622ರಿಂದ ಭಾಗಿಸಿದರೆ ಶೇ. 3.9. ನಿಮ್ಮ ವರದಿಯ ನಾಲ್ಕು ಬಂದಿದ್ದು ಹೀಗೆ. ಈ ದರದ ದೊಡ್ಡ ಅನುಕೂಲ ಅಂದರೆ ಇದಕ್ಕೆ ಆ 590ರ ಅಂದಾಜು ಬೇಕಾಗಿಲ್ಲ. ಎರಡೂ ಸಂಖ್ಯೆ ಒಂದೇ ರಿಜಿಸ್ಟರಿನವು. ಶೇ. 10 ದಾಟಿದರೆ ಏನೋ ಸರಿಯಿಲ್ಲ ಅಂತ ನೋಡುವುದು ವಾಡಿಕೆ. ಆ ಲೆಕ್ಕಕ್ಕೆ ನಾಲ್ಕು ಒಳ್ಳೆಯದೇ.

ಆದರೆ ನಿಮ್ಮಂಥ ಗುಳೆಯ ಊರಿನಲ್ಲಿ ಈ ನಾಲ್ಕನ್ನು ನಾನು ಹಾಗೇ ಒಪ್ಪುವುದಿಲ್ಲ. ಶಾಲೆಯಲ್ಲಿ ಹತ್ತು ಮಕ್ಕಳು ಬಿಟ್ಟು ಹೋಗಿ, ಎಂಟು ಹೊಸಬರು ಸೇರಿದರೆ ಒಟ್ಟು ಸಂಖ್ಯೆಯಲ್ಲಿ ಎರಡೇ ಕಡಿಮೆ ಕಾಣುತ್ತದೆ, ಅಲ್ವಾ? ಇಲ್ಲೂ ಹಾಗೇ. ಸುಮ್ನೆ ಒಂದು ಲೆಕ್ಕ ಹಾಕಿ ನೋಡೋಣ. 622 ಮಕ್ಕಳಲ್ಲಿ 70 ಮಕ್ಕಳು ಮೂರನೇ ಪೆಂಟಾಗೆ ಮೊದಲೇ ಬೆಂಗಳೂರಿಗೋ ಹೈದರಾಬಾದಿಗೋ ಅಪ್ಪ-ಅಮ್ಮನ ಜೊತೆ ಹೋದರು ಅಂತ ಇಟ್ಟುಕೊಳ್ಳಿ. ಅದೇ ವರ್ಷ ಬೇರೆ ಕಡೆ ಶುರು ಮಾಡಿದ್ದ 46 ಮಕ್ಕಳು ಇಲ್ಲಿಗೆ ಬಂದು ಮೂರನೆಯದು ಹಾಕಿಸಿಕೊಂಡರು. 622ರಲ್ಲಿ 70 ಕಳೆದು 46 ಕೂಡಿಸಿದರೆ ಬರುವುದು ಅದೇ 598. ವರದಿಯಲ್ಲಿ ಕಾಣುವುದು 24 ಮಕ್ಕಳು. ನಿಜಕ್ಕೂ ಕಣ್ತಪ್ಪಿದ್ದು 70 ಮಕ್ಕಳು, ಅಂದರೆ ಶೇ. 11. ಆ ಎಪ್ಪತ್ತರಲ್ಲಿ ಕೆಲವರಿಗೆ ಬೆಂಗಳೂರಿನಲ್ಲೇ ಸೂಜಿ ಆಗಿರಬಹುದು, ಕೆಲವರಿಗೆ ಕಟ್ಟಡ ಕೆಲಸದ ಶೆಡ್ಡಿನಲ್ಲಿ ಯಾರೂ ಕೇಳದೇ ಹೋಗಿರಬಹುದು. ಒಟ್ಟು ಸಂಖ್ಯೆ ಇಟ್ಟುಕೊಂಡು ಅದನ್ನು ಬಿಡಿಸಲು ಆಗುವುದಿಲ್ಲ. ಪೆಂಟಾ ಮೂರರಿಂದ ಎಂಆರ್‌ಗೆ ಲೆಕ್ಕ ಹಾಕಿದರಂತೂ 598ರಲ್ಲಿ 612 ಕಳೆಯಬೇಕು. ಡ್ರಾಪ್‌ಔಟ್ ಸೊನ್ನೆಗಿಂತ ಕಡಿಮೆ ಬರುತ್ತದೆ. ಇಂಥದು ಕಂಡರೆ ಖುಷಿಪಡಬೇಡಿ. ರಿಜಿಸ್ಟರ್ ತೆಗೆಸಿ ಹೆಸರು ನೋಡಬೇಕು ಅಂತ ಅದರ ಅರ್ಥ.

ಇನ್ನು ಸರ್ವೆ. ಹಾಳೆ ನೋಡಿದರೆ 30 ಜಾಗ, ಪ್ರತಿ ಜಾಗದಲ್ಲಿ 7 ಮಕ್ಕಳು, ಒಟ್ಟು 210. ಇದು ವಿಶ್ವ ಆರೋಗ್ಯ ಸಂಸ್ಥೆಯ ಹಳೆಯ, ಪ್ರಸಿದ್ಧ ವಿಧಾನ. ಊರುಗಳನ್ನು ಜನಸಂಖ್ಯೆಗೆ ತಕ್ಕಂತೆ ಚೀಟಿ ಎತ್ತಿದ ಹಾಗೆ ಆರಿಸುತ್ತಾರೆ. ದೊಡ್ಡ ಊರಿಗೆ ಆಯ್ಕೆಯಾಗುವ ಅವಕಾಶ ಜಾಸ್ತಿ. ಆಮೇಲೆ ಪ್ರತಿ ಊರಲ್ಲೂ 12ರಿಂದ 23 ತಿಂಗಳ ಏಳು ಮಕ್ಕಳ ಕಾರ್ಡ್ ನೋಡುತ್ತಾರೆ. ಈ ವಯಸ್ಸೇ ಯಾಕೆ ಅಂದರೆ ಒಂದು ವರ್ಷ ತುಂಬಿದ ಮಗುವಿಗೆ ಎಂಟು ಡೋಸ್ ಮುಗಿಯಲು ಸಮಯ ಸಿಕ್ಕಿರುತ್ತದೆ. ಇಲ್ಲಿ ಭಾಗಿಸುವ ಸಂಖ್ಯೆ ಅಂದಾಜಿನದಲ್ಲ. ಕಣ್ಣೆದುರು ಇರುವ ಮಕ್ಕಳೇ. ಹಾಗಾಗಿ ನೂರು ದಾಟುವ ಪ್ರಶ್ನೆಯೇ ಬರುವುದಿಲ್ಲ.

ಆದರೆ ಈ ಸರ್ವೆ ಇಡೀ ತಾಲ್ಲೂಕಿನದು, ವರದಿ ನಿಮ್ಮ ಒಂದು ಆರೋಗ್ಯ ಕೇಂದ್ರದ್ದು. ಇವೆರಡನ್ನು ಅಕ್ಕಪಕ್ಕ ಇಟ್ಟಿದ್ದೇ ಮೊದಲ ತಪ್ಪು. ಎರಡನೆಯದು, 210 ಮಕ್ಕಳಿಂದ ಬಂದ 70 ಅನ್ನುವುದು ಒಂದು ಬಿಂದುವಲ್ಲ. ಒಂದೇ ಓಣಿಯ ಏಳು ಮಕ್ಕಳು ಒಬ್ಬರಂತೆ ಒಬ್ಬರು ಇರುತ್ತಾರೆ. ಅದೇ ಸಿಸ್ಟರ್, ಅದೇ ಸೆಷನ್. ಹಾಗಾಗಿ 210 ಮಕ್ಕಳು ಕೊಡುವ ಮಾಹಿತಿ ಸುಮಾರು 105 ಬೇರೆ ಬೇರೆ ಮಕ್ಕಳು ಕೊಡುವಷ್ಟು ಅಂತ ಈ ವಿಧಾನದಲ್ಲಿ ಹಿಡಿಯುತ್ತಾರೆ. ಆ ಲೆಕ್ಕಕ್ಕೆ ನಿಜವಾದ ಸಂಖ್ಯೆ 61ರಿಂದ 79ರ ನಡುವೆ ಎಲ್ಲಾದರೂ ಇರಬಹುದು. ಮುಂದಿನ ವರ್ಷ ಇನ್ನೊಂದು ಸರ್ವೆಯಲ್ಲಿ 75 ಬಂದರೆ ಸುಧಾರಣೆ ಆಯಿತು ಅಂತ ಹೇಳಲು ಬರುವುದಿಲ್ಲ. ನಿಮ್ಮ ಪಂಚಾಯಿತಿಯ ಏಳು ಮಕ್ಕಳಲ್ಲಿ ನಾಲ್ವರು ಮಾತ್ರ ಸಂಪೂರ್ಣ ಅಂತ ಹಾಳೆಯಲ್ಲಿದೆಯಲ್ಲ, ಅದನ್ನು ಹಿಡಿದು 'ನಮ್ಮ ಊರು ಶೇ. 57' ಅಂತ ಸಭೆಯಲ್ಲಿ ದಯವಿಟ್ಟು ಹೇಳಬೇಡಿ. ಏಳು ಮಕ್ಕಳಿಂದ ಒಂದು ಊರಿನ ಬಗ್ಗೆ ಏನೂ ಹೇಳಲಾಗದು.

ಇಷ್ಟಾದರೂ ಸರ್ವೆಯ ಒಳಗಿನ ಸಾಲು ನೋಡುವಂಥದ್ದು. ಪೆಂಟಾ ಒಂದು 193, ಪೆಂಟಾ ಮೂರು 172, ಎಂಆರ್ 160, ಸಂಪೂರ್ಣ 147. ಇಲ್ಲಿ ಎಲ್ಲವೂ ಅದೇ 210 ಮಕ್ಕಳದ್ದು. ಹಾಗಾಗಿ ಡ್ರಾಪ್‌ಔಟ್‌ಗೆ ನಿಜವಾದ ಅರ್ಥ ಇದೆ. ಮೊದಲು 17 ಮಕ್ಕಳು ಪೆಂಟಾ ಒಂದನ್ನೂ ಕಂಡಿಲ್ಲ. ಇವರನ್ನು ಜೀರೋ ಡೋಸ್ ಮಕ್ಕಳು ಅನ್ನುತ್ತಾರೆ. ಇವರು ಡ್ರಾಪ್‌ಔಟ್ ಅಲ್ಲ, ಶುರುವೇ ಮಾಡದವರು. ಇವರ ಹತ್ತಿರ ಸೆಷನ್ ಹೋಗಿಲ್ಲ, ಅಥವಾ ಹೆಸರೇ ಪಟ್ಟಿಯಲ್ಲಿಲ್ಲ. ಇದಕ್ಕೆ ಯಾವ ಓಣಿಗೆ ಯಾವಾಗ ಸೆಷನ್ ಅನ್ನುವ ಯೋಜನೆ, ಅಂದರೆ ಮೈಕ್ರೋಪ್ಲಾನ್ ಬದಲಿಸಬೇಕು. ಬರೀ ತಿಳಿವಳಿಕೆ ಹೇಳಿದರೆ ಪ್ರಯೋಜನ ಇಲ್ಲ.

ಆಮೇಲೆ ಒಂದರಿಂದ ಮೂರಕ್ಕೆ ಬರುವಷ್ಟರಲ್ಲಿ 21 ಮಕ್ಕಳು ಬಿಟ್ಟಿದ್ದಾರೆ. ಶೇ. 10.9. ಈ ಎರಡು ತಿಂಗಳಲ್ಲಿ ಬಿಡುವವರ ಮನೆಯಲ್ಲಿ ಜಾಸ್ತಿ ಕೇಳಿಬರುವ ಮಾತು ಜ್ವರದ್ದು. ಪೆಂಟಾ ಹಾಕಿದ ರಾತ್ರಿ ಮಗುವಿನ ಮೈ ಬಿಸಿಯಾಗುತ್ತದೆ, ತೊಡೆ ಗಟ್ಟಿಯಾಗುತ್ತದೆ, ಅತ್ತೆ 'ಚೆನ್ನಾಗಿದ್ದ ಕೂಸಿಗೆ ಯಾಕ್ ಹಾಕಿಸ್ತಿ' ಅನ್ನುತ್ತಾರೆ. ಸೂಜಿ ಹಾಕುವಾಗಲೇ ಜ್ವರ ಬರಬಹುದು ಅಂತ ಹೇಳಿ, ಪ್ಯಾರಾಸಿಟಮಾಲ್ ಎಷ್ಟು ಕೊಡಬೇಕು ಅಂತ ತೋರಿಸಿ ಕಳಿಸಿದರೆ ಎರಡನೇ ಸಲ ಬರುವವರು ಜಾಸ್ತಿ.

ಪೆಂಟಾ ಮೂರರಿಂದ ಎಂಆರ್‌ಗೆ ಇನ್ನೂ 12 ಮಕ್ಕಳು ಕಡಿಮೆಯಾದರು. ಮೊದಲಿನಿಂದ ಎಂಆರ್‌ವರೆಗೆ ನೋಡಿದರೆ 193ರಲ್ಲಿ 33, ಅಂದರೆ ಶೇ. 17. ಇಲ್ಲಿ ಮರೆವು, ಗುಳೆ ಎರಡೂ ಇವೆ. ಅದರ ಜೊತೆ ಯಾರೂ ಹೆಚ್ಚು ಮಾತಾಡದ ಇನ್ನೊಂದು ಕಾರಣವಿದೆ. ಎಂಆರ್ ಲಸಿಕೆ ಪುಡಿಯಾಗಿ ಬರುತ್ತದೆ. ನೀರು ಬೆರೆಸಿದ ಮೇಲೆ ನಾಲ್ಕು ಗಂಟೆಯೊಳಗೆ ಬಳಸಬೇಕು, ಉಳಿದದ್ದನ್ನು ಚೆಲ್ಲಬೇಕು. ಪೆಂಟಾ ಬಾಟಲಿ ಹಾಗಲ್ಲ, ಸರಿಯಾಗಿ ತಣ್ಣಗೆ ಇಟ್ಟರೆ ತೆರೆದ ಮೇಲೂ 28 ದಿನದವರೆಗೆ ಬಳಸಬಹುದು. ಒಂದು ಎಂಆರ್ ಬಾಟಲಿಯಲ್ಲಿ ಹಲವು ಡೋಸ್ ಇರುತ್ತವೆ. ತಾಂಡಾದಲ್ಲಿ ಆ ಗುರುವಾರ ಎಂಆರ್‌ಗೆ ಬಂದದ್ದು ಒಂದೇ ಮಗು. ಒಂದಕ್ಕೋಸ್ಕರ ಬಾಟಲಿ ತೆರೆದರೆ ಲಸಿಕೆ ಹಾಳು, ಮೇಲಿನವರು ಕೇಳುತ್ತಾರೆ ಅನ್ನುವ ಅಳುಕಿನಿಂದ ಸಿಸ್ಟರ್ 'ಮುಂದಿನ ವಾರ ಬಾರವ್ವ, ಇನ್ನಿಬ್ಬರು ಬರ್ತಾರೆ' ಅನ್ನುತ್ತಾರೆ. ತಾಯಿ ಕೂಲಿ ಬಿಟ್ಟು ಬಂದಿರುತ್ತಾಳೆ. ಮುಂದಿನ ವಾರ ಬರುವುದಿಲ್ಲ. ನಿಯಮ ಸ್ಪಷ್ಟವಾಗಿದೆ. ಒಂದೇ ಮಗು ಬಂದರೂ ಬಾಟಲಿ ತೆರೆಯಬೇಕು. ನಿಮ್ಮ ಸಭೆಯಲ್ಲಿ ವೈದ್ಯಾಧಿಕಾರಿಯಿಂದ ಇದನ್ನು ಎಲ್ಲರೆದುರು ಹೇಳಿಸಿದರೆ ಸಿಸ್ಟರ್‌ಗೆ ಧೈರ್ಯ ಬರುತ್ತದೆ.

ಇನ್ನು ಎಂಆರ್ ಆದ 160 ಮಕ್ಕಳಲ್ಲಿ 147 ಮಾತ್ರ ಸಂಪೂರ್ಣ. ಉಳಿದ 13 ಮಕ್ಕಳು ಕೊನೆಯ ಸೂಜಿ ಹಾಕಿಸಿಕೊಂಡಿದ್ದಾರೆ, ಆದರೆ ನಡುವೆ ಒಂದು ಡೋಸ್ ಬಿಟ್ಟಿದೆ ಅಥವಾ ದಿನ ತಪ್ಪಿದೆ. ಎಂಆರ್‌ಗೆ ಬಂದ ದಿನ ಹಿಂದಿನ ಕಾಲಂ ನೋಡಿದ್ದರೆ ಬಿಟ್ಟುಹೋದದ್ದನ್ನು ಅಲ್ಲೇ ಸರಿಮಾಡಬಹುದಿತ್ತು. ಈ ಹದಿಮೂರೇ ನನಗೆ ಹೆಚ್ಚು ನೋವು ಕೊಟ್ಟಿದ್ದು. ಇವರು ಸಿಗದ ಮಕ್ಕಳಲ್ಲ. ಸಿಕ್ಕೂ ತಪ್ಪಿಸಿಕೊಂಡವರು.

ಇನ್ನು ಕಾರ್ಡ್ ಇಲ್ಲದ ಮನೆಗಳ ವಿಷಯ. ಕಾರ್ಡ್ ಕಳೆದುಹೋಗಿದ್ದರೆ ತಾಯಿಯನ್ನು ಕೇಳುತ್ತಾರೆ. ತೊಡೆಗೆ ಎಷ್ಟು ಸಲ ಸೂಜಿ ಆಯಿತು, ಎಡ ತೋಳಿನಲ್ಲಿ ಬಿಸಿಜಿ ಗುರುತು ಇದೆಯಾ ಅಂತ. ಪೋಲಿಯೋ ಹನಿಯಲ್ಲಿ ಗೊಂದಲ ಜಾಸ್ತಿ. ಬೂತಿಗೆ ಹೋಗಿ ಹಾಕಿಸಿದ ಪಲ್ಸ್ ಪೋಲಿಯೋ ಹನಿಯನ್ನೂ ತಾಯಂದಿರು ಸೇರಿಸಿ ಹೇಳುತ್ತಾರೆ. ಹಾಗಂತ ಕಾರ್ಡ್ ಇದ್ದವರನ್ನು ಮಾತ್ರ ಎಣಿಸಿದರೆ ನಿಜ ಸಿಗುತ್ತದೆ ಅಂತಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಮಟ್ಟಕ್ಕೆ ಕಾರ್ಡ್ ಅಥವಾ ತಾಯಿಯ ಮಾತು ಎರಡನ್ನೂ ಸೇರಿಸಿದಾಗ ಸಂಪೂರ್ಣ ಲಸಿಕೆ ಶೇ. 76.4, ಕಾರ್ಡ್ ಇದ್ದ ಮಕ್ಕಳಲ್ಲಿ ಮಾತ್ರ ನೋಡಿದಾಗ ಶೇ. 83.8. ಕಾರ್ಡ್ ಜೋಪಾನ ಮಾಡಿದ ಮನೆಯವರು ಲಸಿಕೆಯನ್ನೂ ಜೋಪಾನವಾಗಿ ಹಾಕಿಸಿರುತ್ತಾರೆ. ಅದಕ್ಕೇ ಆ ಸಂಖ್ಯೆ ದೊಡ್ಡದು. ಯಾರಾದರೂ ಶೇ. 83.8 ಅಂತ ಮಾತ್ರ ಹೇಳಿದರೆ ಕಾರ್ಡಿಲ್ಲದ ಮಕ್ಕಳನ್ನು ಬದಿಗಿಟ್ಟು ಹೇಳುತ್ತಿದ್ದಾರೆ ಅಂತ ತಿಳಿಯಿರಿ.

ಸರ್ವೆಯ 70ರ ಬಗ್ಗೆ ನನಗಿರುವ ದೊಡ್ಡ ಅನುಮಾನ ಬೇರೆ. ಅದು ಕಡಿಮೆ ಅಂತಲ್ಲ, ಜಾಸ್ತಿಯೇ ಇರಬಹುದು ಅಂತ. ಹಳೆಯ ವಿಧಾನದಲ್ಲಿ ಊರ ನಡುವೆ ನಿಂತು ಒಂದು ದಿಕ್ಕು ಆರಿಸಿ, ಮೊದಲ ಮನೆಯಿಂದ ಶುರು ಮಾಡಿ, ಏಳು ಮಕ್ಕಳು ಸಿಗುವವರೆಗೆ ಪಕ್ಕದ ಮನೆಗೆ ಹೋಗುತ್ತಿದ್ದರು. ಬೀಗ ಹಾಕಿದ್ದರೆ ಮುಂದಿನ ಮನೆ. ಹೀಗಾದರೆ ಊರ ನಡುವಿನ ಮನೆಗಳೇ ಜಾಸ್ತಿ ಬರುತ್ತವೆ, ಹೊರಗಿನ ತಾಂಡಾ ಮತ್ತು ಹೊಲದ ಗುಡಿಸಲು ತಪ್ಪುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ 2018ರ ಕೈಪಿಡಿ ಇದನ್ನು ಬಿಡಿಸಿದೆ. ಮೊದಲೇ ಮನೆಗಳ ಪಟ್ಟಿ ಮಾಡಿ, ಅದರಿಂದಲೇ ಮನೆ ಆರಿಸಿ, ಬೀಗ ಇದ್ದರೆ ಮತ್ತೆ ಹೋಗಿ, ಬದಲಿಗೆ ಬೇರೆ ಮನೆ ತೆಗೆದುಕೊಳ್ಳಬೇಡಿ ಅನ್ನುತ್ತದೆ. ನಿಮ್ಮ ಕಡೆ ಸರ್ವೆ ಆಗಿದ್ದು ಜನವರಿಯಲ್ಲಿ. ಆಗ ಬೀಗ ಹಾಕಿದ ಮನೆ ಯಾರವು? ಗುಳೆ ಹೋದವರವು. ಲಸಿಕೆ ತಪ್ಪುವ ಅಪಾಯ ಜಾಸ್ತಿ ಇರುವ ಮಕ್ಕಳೂ ಅವರೇ. ಆ ಕಾಲೇಜಿನವರಿಗೆ ಒಂದೇ ಪ್ರಶ್ನೆ ಕೇಳಿ: ಬೀಗ ಹಾಕಿದ ಮನೆಗಳನ್ನು ಏನು ಮಾಡಿದಿರಿ, ಎಷ್ಟಿದ್ದವು? ಉತ್ತರ ಬರೆದಿಟ್ಟುಕೊಂಡಿದ್ದರೆ ಒಳ್ಳೆಯ ಸರ್ವೆ.

ನಿಮ್ಮ ಪಂಚಾಯಿತಿಗೆ ಮಾತ್ರ ಸರಿಯಾದ ಲೆಕ್ಕ ಬೇಕು ಅಂದರೆ ಸ್ಯಾಂಪಲ್ ಬೇಕಾಗಿಲ್ಲ. ಮೂರು ಸಾವಿರ ಜನರ ಊರಿನಲ್ಲಿ 12ರಿಂದ 23 ತಿಂಗಳ ಮಕ್ಕಳು ಐವತ್ತು-ಅರವತ್ತು ಇರಬಹುದು. ಎಲ್ಲರನ್ನೂ ನೋಡಬಹುದು. ಜೂನ್‌ನಲ್ಲಿ, ಬಿತ್ತನೆಗೆ ಜನ ಊರಿಗೆ ಬಂದಿರುವಾಗ ಮಾಡಿ. ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯ ಪಟ್ಟಿಗಳನ್ನು ಒಟ್ಟಿಗೆ ಇಟ್ಟುಕೊಳ್ಳಿ. ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದ ಮಗುವಿನಿಂದ ಶುರು ಮಾಡಿ. ಒಂದು ನೋಟ್‌ಬುಕ್ಕಿನಲ್ಲಿ ಹುಟ್ಟಿದ ದಿನ, ಪೆಂಟಾ ಒಂದು, ಪೆಂಟಾ ಎರಡು, ಪೆಂಟಾ ಮೂರು, ಎಂಆರ್ ದಿನಾಂಕ ಮಾತ್ರ ಬರೆಯಿರಿ. ಟಿಕ್ ಹಾಕಬೇಡಿ, ದಿನಾಂಕವೇ ಬೇಕು. ದಿನಾಂಕ ಇದ್ದರೆ ಮಾನ್ಯವೋ ಅಲ್ಲವೋ ಆಮೇಲೆ ನೋಡಬಹುದು. ಕಾರ್ಡ್ ಇಲ್ಲದಿದ್ದರೆ ಹಾಗೇ ಬರೆದು, ತಾಯಿ ಹೇಳಿದ್ದನ್ನು ಬೇರೆ ಕಾಲಂನಲ್ಲಿ ಇಡಿ. ಕಾರ್ಡ್ ಊರಿನಲ್ಲೇ ಬಿಟ್ಟು ಗುಳೆ ಹೋಗುವವರಿಗೆ ಅದರ ಫೋಟೋ ಮೊಬೈಲಿನಲ್ಲಿ ತೆಗೆದುಕೊಡಿ. ಸರ್ಕಾರದ ಆನ್‌ಲೈನ್ ಲಸಿಕೆ ದಾಖಲೆಯಾದ ಯು-ವಿನ್‌ನಲ್ಲಿ ಹೆಸರು ದಾಖಲಾಗಿದ್ದರೆ ಬೇರೆ ಜಿಲ್ಲೆಯ ಸಿಸ್ಟರ್ ಕೂಡ ಮೊಬೈಲ್ ನಂಬರಿನಿಂದ ಹಿಂದಿನ ಡೋಸ್ ನೋಡಬಹುದು. ಆದ್ದರಿಂದ ಮನೆಯವರು ಯಾವ ನಂಬರ್ ಕೊಟ್ಟಿದ್ದಾರೆ, ಅದು ಈಗಲೂ ಚಾಲ್ತಿಯಲ್ಲಿದೆಯಾ ಅಂತಲೂ ಅದೇ ಸಾಲಿನಲ್ಲಿ ಬರೆದುಕೊಳ್ಳಿ.